ಕೇಳುವವರ ಮುಖಕ್ಕೂ ಸಿಂಕ್ ಬೇಕು

ಮೂರು ಕ್ಯಾಮರಾಗಳಲ್ಲಿ ಹಿಡಿದ ಒಂದು ಚರ್ಚೆಯ 38ನೇ ನಿಮಿಷದಲ್ಲಿ ಹಿರಿಯ ಕೃಷಿಕರೊಬ್ಬರು ಹೇಳುತ್ತಾರೆ: "ಈಗ ಮರ ಹತ್ತುವವರೇ ಇಲ್ಲ. ಇದ್ದವರು ಕೇಳಿದ್ದೇ ಕೂಲಿ, ಬಂದದ್ದೇ ದಿನ." ಅವರ ಎದುರು ಕೂತಿರುವವರು ನಲವತ್ತು ವರ್ಷ ಅಡಿಕೆ ಮರ ಹತ್ತಿ ಗೊನೆ ಇಳಿಸಿದ ಕೊನೆಗೌಡರು. ನಾನು ಮೊದಲ ಸಲ ಎಡಿಟ್ ಮಾಡಿದಾಗ, ಆ ಮಾತು ಮುಗಿಯುವ ಮೊದಲೇ ಕೊನೆಗೌಡರು ಮುಗುಳ್ನಗುತ್ತಿದ್ದರು. ಏನು ಬರುತ್ತದೆಂದು ಗೊತ್ತಿದ್ದು, ಹಗುರಾಗಿ ತೆಗೆದುಕೊಂಡವರ ನಗು ಅದು. ನನಗೆ ಅದು ಬಹಳ ಹಿಡಿಸಿತ್ತು. ಆಮೇಲೆ ಗೊತ್ತಾಯಿತು, ಆ ನಗು ಅಲ್ಲಿ ಇರಲೇ ಇಲ್ಲ. ನಿಜದಲ್ಲಿ ಅವರು ಮಾತನ್ನು ಪೂರ್ತಿ ಕೇಳಿ, ಒಂದು ಕ್ಷಣ ತಮ್ಮ ಅಂಗೈ ನೋಡಿಕೊಂಡು, ಆಮೇಲೆ ನಕ್ಕಿದ್ದರು. ನನ್ನ ಟೈಮ್‌ಲೈನಿನಲ್ಲಿ ಅವರನ್ನು ಹಿಡಿದ ಕ್ಯಾಮರಾ 9 ಫ್ರೇಮ್ ಮುಂದೆ ಓಡಿತ್ತು. ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಅಷ್ಟರಲ್ಲಿ ಆ ಮನುಷ್ಯನ ಉತ್ತರವೇ ಬದಲಾಗಿಬಿಟ್ಟಿತ್ತು.

ಹಲವು ಕ್ಯಾಮರಾಗಳ ಸಿಂಕ್ ಎಂದರೆ ಮಾತಾಡುವವರ ತುಟಿಗೂ ಸದ್ದಿಗೂ ಹೊಂದಿಕೆ ಮಾಡುವುದು ಎಂದೇ ನಾನು ಅಲ್ಲಿಯವರೆಗೆ ತಿಳಿದಿದ್ದೆ. ತುಟಿ ತಪ್ಪಿದರೆ ಮಕ್ಕಳೂ ಕಂಡುಹಿಡಿಯುತ್ತಾರೆ. ಸುಮ್ಮನೆ ಕೂತು ಕೇಳುವವರ ಮುಖ ತಪ್ಪಿದರೆ ಯಾರಿಗೂ ತಿಳಿಯುವುದಿಲ್ಲ, ಏಕೆಂದರೆ ಅಲ್ಲಿ ತಾಳೆ ನೋಡಲು ತುಟಿಯೇ ಆಡುವುದಿಲ್ಲ. ಈ ಒಂದು ಎಡಿಟ್ ನನಗೆ ಕಲಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶಿರಸಿ ಕಡೆಯ ಒಂದು ಹಳ್ಳಿಯ ಸಭಾಂಗಣ. ಅಡಿಕೆಗೆ ಬಂದ ಎಲೆಚುಕ್ಕಿ ರೋಗದ ಬಗ್ಗೆ ಐವರ ಮಾತುಕತೆ: ನಡೆಸಿಕೊಡುವವರು ಒಬ್ಬರು, ಹಿರಿಯ ಕೃಷಿಕರು, ಸಸ್ಯರೋಗದ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು, ತೋಟ ನೋಡಿಕೊಳ್ಳುವ ಯುವತಿ ಮತ್ತು ಕೊನೆಗೌಡರು. ಮೇಜಿನ ಸುತ್ತ ಅರ್ಧಚಂದ್ರಾಕಾರದಲ್ಲಿ ಕುರ್ಚಿ. ಮೂರು ಕ್ಯಾಮರಾಗಳನ್ನೂ ಮೇಜಿನ ಒಂದೇ ಬದಿಗೆ ಇಟ್ಟಿದ್ದೆವು. C1 ಸಭಾಂಗಣದ ಹಿಂಭಾಗದಲ್ಲಿ, ಐವರೂ ಕಾಣುವ ಅಗಲ ಶಾಟ್. C2 ಹಿರಿಯರನ್ನೂ ಮೇಷ್ಟ್ರನ್ನೂ ಹಿಡಿದಿತ್ತು. C3 ಎಂದರೆ ಸ್ಟ್ಯಾಂಡಿಗೆ ಸಿಕ್ಕಿಸಿದ ಮೊಬೈಲ್. ಅದರಲ್ಲಿ ಯುವತಿ ಮತ್ತು ಕೊನೆಗೌಡರು. ಐವರಿಗೂ ಕಾಲರ್ ಮೈಕ್. ಅವೆಲ್ಲ ಒಂದೇ ರೆಕಾರ್ಡರಿಗೆ, ಒಬ್ಬೊಬ್ಬರದು ಒಂದೊಂದು ಟ್ರ್ಯಾಕ್, 48 ಕಿಲೋಹರ್ಟ್ಸ್‌ನಲ್ಲಿ. ಒಟ್ಟು ಮಾತುಕತೆ 92 ನಿಮಿಷ. ಆರಂಭದಲ್ಲೂ ಕೊನೆಯಲ್ಲೂ ಮೇಜಿನ ನಡುವೆ ನಿಂತು, ಮೂರೂ ಕ್ಯಾಮರಾಗಳಿಗೆ ಕಾಣುವಂತೆ ಒಂದೊಂದು ಚಪ್ಪಾಳೆ ತಟ್ಟಿದ್ದೆ. ಎಲ್ಲರೂ ಆರಂಭದಲ್ಲಿ ತಟ್ಟುತ್ತಾರೆ. ಕೊನೆಯ ಚಪ್ಪಾಳೆ ಇಲ್ಲದಿದ್ದರೆ ಮುಂದಿನ ಲೆಕ್ಕ ಒಂದೂ ನನ್ನಿಂದ ಆಗುತ್ತಿರಲಿಲ್ಲ.

ಎಡಿಟ್ ಮಾಡಿದ್ದು ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಸೆಕೆಂಡಿಗೆ 25 ಫ್ರೇಮಿಗೆ ಶಟರ್ 1/50 ಇಟ್ಟರೆ ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿನುಗುವುದಿಲ್ಲ. ಹಾಗಾಗಿ C1, C2 ಎರಡಕ್ಕೂ 25 ಇಟ್ಟಿದ್ದೆವು, ಪ್ರಾಜೆಕ್ಟನ್ನೂ ಮೊದಲೇ 25ಕ್ಕೆ ಹಾಕಿದೆ. ಮೊಬೈಲು ಮಾತ್ರ 30ರಲ್ಲೇ ಉಳಿದಿತ್ತು. ಯಾರೂ ಅದರ ಸೆಟ್ಟಿಂಗ್ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಕಡತಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡಾಗ C1ರದು ನಾಲ್ಕು ತುಂಡು. ಆ ಹಳೆಯ ಕ್ಯಾಮರಾ 29 ನಿಮಿಷ 59 ಸೆಕೆಂಡಿಗೆ ತಾನೇ ನಿಲ್ಲುತ್ತದೆ. ಯಾರಾದರೂ ಹೋಗಿ ಮತ್ತೆ ಗುಂಡಿ ಒತ್ತಬೇಕು. ಎರಡು ಸಲ ಹತ್ತು ಸೆಕೆಂಡಿನಲ್ಲಿ ಒತ್ತಿದ್ದರು, ಒಂದು ಸಲ ಮಾತಿನಲ್ಲಿ ಮೈಮರೆತು ನಲವತ್ತು ಸೆಕೆಂಡ್ ಬಿಟ್ಟಿದ್ದರು. C2ರದು ಕೂಡ ತುಂಡು ತುಂಡು, ಆದರೆ ಅದು ಬೇರೆ ಕಾರಣಕ್ಕೆ: ಹಳೆಯ ಮಾದರಿಯ ಮೆಮೊರಿ ಕಾರ್ಡಿನಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ. ಅಲ್ಲಿ ಒಂದು ಮುಗಿದ ಕಡೆಯೇ ಇನ್ನೊಂದು ಶುರುವಾಗುತ್ತದೆ, ನಡುವೆ ಏನೂ ಕಳೆದಿರಲಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ. ತುಂಡುಗಳನ್ನು ಸಾಲಾಗಿ ಜೋಡಿಸಿಬಿಟ್ಟರೆ C2 ಸರಿಯಾಗಿರುತ್ತದೆ, C1 ಹಾಳಾಗುತ್ತದೆ.

ಚಿತ್ರಗಳನ್ನು ಜೋಡಿಸುವ ಮೊದಲು ಧ್ವನಿಯನ್ನು ಮುಗಿಸಿದೆ. ಇದು ನನ್ನ ಹಟ ಎಂದರೂ ಸರಿ. ಚರ್ಚೆಯಲ್ಲಿ ಚಿತ್ರ ಎಷ್ಟು ಸಲ ಬದಲಾದರೂ ಧ್ವನಿ ಒಂದೇ ಹೊಳೆಯಾಗಿ ಹರಿಯಬೇಕು. ಅದು ಮೊದಲು ಸಿದ್ಧವಾದರೆ ಚಿತ್ರವನ್ನು ಎಲ್ಲಿ ಬೇಕಾದರೂ ಕತ್ತರಿಸಬಹುದು. ಐದೂ ಮೈಕನ್ನು ಪೂರ್ತಿ ತೆರೆದಿಟ್ಟಾಗ ಹಿರಿಯರ ದನಿ ಕೊಳವೆಯೊಳಗಿಂದ ಬಂದಂತೆ ಕೇಳುತ್ತಿತ್ತು. ಅವರ ಮೈಕಿಗೆ ಬಿದ್ದ ದನಿಯೇ ಒಂದು ಮೀಟರ್ ಆಚೆಗಿನ ಮೇಷ್ಟ್ರ ಮೈಕಿಗೆ ಸುಮಾರು 3 ಮಿಲಿಸೆಕೆಂಡ್ ತಡವಾಗಿ ಬೀಳುತ್ತದೆ. ಎರಡೂ ಕೂಡಿದಾಗ ಕೆಲವು ಸ್ವರಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ.

ಹಾಗೆಂದು ಮಾತಾಡದವರ ಮೈಕನ್ನು ಪೂರ್ತಿ ಮುಚ್ಚಲು ಹೋಗಬಾರದು. ನಮ್ಮ ಮಾತುಕತೆಯಲ್ಲಿ ಕೇಳುವವರು ಸುಮ್ಮನಿರುವುದಿಲ್ಲ. "ಹೂಂ", "ಹೌದು ಹೌದು", "ಅದೇ ಮತ್ತೆ" ಎಂದು ತಾಳ ಹಾಕುತ್ತಲೇ ಇರುತ್ತಾರೆ. ಅದನ್ನು ಕಿತ್ತುಹಾಕಿದರೆ ಮಾತಾಡುವವರು ಖಾಲಿ ಕೋಣೆಯಲ್ಲಿ ಕೂತಂತಾಗುತ್ತದೆ. ಮಾತಾಡದವರ ಟ್ರ್ಯಾಕನ್ನು 12 ಡೆಸಿಬೆಲ್ ಇಳಿಸಿದೆ, ಅಷ್ಟೇ. ಕೊಳವೆಯ ದನಿ ಹೋಯಿತು, ಹೂಂಗುಡುವುದು ಉಳಿಯಿತು. 92 ನಿಮಿಷಕ್ಕೆ ಹೀಗೆ ಕೈಯಲ್ಲೇ ಏರಿಳಿತ ಹಾಕಲು ಎರಡು ದಿನ ಹಿಡಿಯಿತು. ಅದೆಲ್ಲವನ್ನೂ ಕೂಡಿಸಿ MIX.wav ಎಂದು ಒಂದೇ ಕಡತ ಮಾಡಿದೆ. ಬಿಡಿ ಟ್ರ್ಯಾಕುಗಳನ್ನು ಅಳಿಸದೆ ಪಕ್ಕಕ್ಕೆ ಇಟ್ಟುಕೊಂಡೆ.

ಆಮೇಲೆ ಸಿಂಕ್. ರಿಸಾಲ್ವ್‌ನಲ್ಲಿ ಎಲ್ಲ ಕ್ಲಿಪ್ಪುಗಳನ್ನೂ MIX.wavಅನ್ನೂ ಒಟ್ಟಿಗೆ ಆಯ್ದು, ಬಲಗುಂಡಿ ಒತ್ತಿ Create New Multicam Clip Using Selected Clips ಎಂದು ಕೊಟ್ಟರೆ ಒಂದು ಪುಟ್ಟ ಕಿಟಕಿ ತೆರೆಯುತ್ತದೆ. ಅದರಲ್ಲಿ Angle Sync ಎಂಬಲ್ಲಿ ಯಾವುದನ್ನು ಆಧರಿಸಿ ಜೋಡಿಸಬೇಕು ಎಂದು ಹೇಳಬೇಕು. ಪ್ರತಿ ಫ್ರೇಮಿಗೂ ಸಮಯ ಬರೆಯುವ ಟೈಮ್‌ಕೋಡ್ ನಮ್ಮ ಕ್ಯಾಮರಾಗಳಲ್ಲಿ ಒಂದಕ್ಕೊಂದು ಹೊಂದಿರಲಿಲ್ಲ, ಹಾಗಾಗಿ Sound ಆಯ್ದೆ. ಒಂದೇ ಕ್ಯಾಮರಾದ ತುಂಡುಗಳನ್ನು ಒಂದೇ ಸಾಲಿಗೆ ತರುವ ಆಯ್ಕೆಯನ್ನೂ ಹಾಕಿದೆ. ರಿಸಾಲ್ವ್ ಪ್ರತಿ ಕ್ಯಾಮರಾದ ಸ್ವಂತ ಮೈಕಿನ ಅಲೆಯನ್ನು ರೆಕಾರ್ಡರಿನ ಅಲೆಯ ಜೊತೆ ಹೋಲಿಸಿ, ಹೆಚ್ಚು ಹೊಂದುವ ಜಾಗಕ್ಕೆ ತಂದು ಕೂರಿಸುತ್ತದೆ.

ಕೂರಿಸಿತು, ಒಂದು ತುಂಡಿನ ಹೊರತು. C1ರ ನಾಲ್ಕನೇ ತುಂಡು ಎಲ್ಲೋ 50ನೇ ನಿಮಿಷಕ್ಕೆ ಹೋಗಿ ಕೂತಿತ್ತು. ಕಾರಣ ಹುಡುಕಲು ಅದರ ಸ್ವಂತ ಧ್ವನಿ ಕೇಳಿದೆ: ಬರೀ ಮಳೆ. ಚರ್ಚೆಯ ಕೊನೆಗೆ ಜೋರು ಮಳೆ ಬಂದು ತಗಡಿನ ಮಾಡಿನ ಮೇಲೆ ಬಡಿದಿತ್ತು. ಹಿಂಭಾಗದ ಕ್ಯಾಮರಾಗೆ ಮಳೆ ಮಾತ್ರ ಕೇಳಿದೆ, ಕಾಲರ್ ಮೈಕುಗಳಿಗೆ ಮಾತು ಕೇಳಿದೆ. ಎರಡಕ್ಕೂ ಹೋಲಿಕೆ ಸಿಗದೆ ರಿಸಾಲ್ವ್ ಎಲ್ಲೋ ಒಂದು ಕಡೆ ಹಾಕಿಬಿಟ್ಟಿದೆ.

ಇಂಥ ತುಂಡನ್ನು ಕೈಯಲ್ಲೇ ಕೂರಿಸಬೇಕು. ಮಲ್ಟಿಕ್ಯಾಮ್ ಕ್ಲಿಪ್ಪಿನ ಮೇಲೆ ಬಲಗುಂಡಿ ಒತ್ತಿ Open in Timeline ಕೊಟ್ಟರೆ ಒಳಗಿನ ಸಾಲುಗಳು ಒಂದರ ಮೇಲೊಂದು ಕಾಣುತ್ತವೆ. ಕಡತದ ಸಮಯ ನೋಡಿ ತುಂಡನ್ನು ಸರಿಸುಮಾರು ಜಾಗಕ್ಕೆ ಎಳೆದೆ. ಕೊನೆಯ ಚಪ್ಪಾಳೆ ಅದೇ ತುಂಡಿನಲ್ಲಿತ್ತು. ಅದರ ಸದ್ದು ಮಳೆಯಲ್ಲಿ ಮುಳುಗಿದ್ದರೂ ಅಂಗೈ ಕೂಡುವ ಫ್ರೇಮ್ ಕಣ್ಣಿಗೆ ಸ್ಪಷ್ಟ. ಆ ಫ್ರೇಮನ್ನು ರೆಕಾರ್ಡರಿನ ಚಪ್ಪಾಳೆಗೆ ಹೊಂದಿಸಿದೆ.

ಚಪ್ಪಾಳೆ ಇಲ್ಲದ ಕಡೆ ಪರೀಕ್ಷಿಸಲು ನಾನು ಪವರ್ಗವನ್ನು ನಂಬುತ್ತೇನೆ. ಪ, ಬ, ಮ ಹೇಳಲು ತುಟಿ ಮುಚ್ಚಲೇಬೇಕು. ಅಡಿಕೆಯ ಮಾತಿನಲ್ಲಂತೂ ಇದಕ್ಕೆ ಬರವಿಲ್ಲ: ಮರ, ಮಳೆ, ಮದ್ದು, ಮರಕ್ಕೆ ಹೊಡೆಯುವ ಬೋರ್ಡೋ. "ಬೋರ್ಡೋ" ಎನ್ನುವಾಗ ತುಟಿ ಬಿಚ್ಚುವ ಫ್ರೇಮಿನಲ್ಲೇ ಸದ್ದಿನ ಅಲೆ ಏಳಬೇಕು. ಒಂದೊಂದೇ ಫ್ರೇಮ್ ಮುಂದೆ ಸರಿಸಿ ನೋಡಿದರೆ ಒಂದು ಫ್ರೇಮ್ ಹೆಚ್ಚುಕಮ್ಮಿಯೂ ಸಿಗುತ್ತದೆ. "ಅಡಿಕೆ" ಎಂಬ ಪದ ಇದಕ್ಕೆ ಉಪಯೋಗವಿಲ್ಲ, ಅದರಲ್ಲಿ ತುಟಿ ಕೂಡುವುದೇ ಇಲ್ಲ.

C1ರ ಉಳಿದ ಮೂರು ತುಂಡುಗಳಲ್ಲಿ ಇನ್ನೊಂದು ಸೂಕ್ಷ್ಮ ಸಿಕ್ಕಿತು. ಅಲೆಗಳು ಕೂದಲೆಳೆಯಷ್ಟೂ ತಪ್ಪದೆ ಕೂತಿದ್ದವು, ಆದರೂ ಆರಂಭದ ಚಪ್ಪಾಳೆಯ ಚಿತ್ರ ಸದ್ದಿಗಿಂತ ಒಂದು ಫ್ರೇಮ್ ಮೊದಲು. ಆ ಕ್ಯಾಮರಾ ಮೇಜಿನಿಂದ 12 ಮೀಟರ್ ದೂರ ಇತ್ತು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 12 ಮೀಟರ್ ದಾಟಲು 35 ಮಿಲಿಸೆಕೆಂಡ್ ಬೇಕು. 25 ಫ್ರೇಮಿನ ಲೆಕ್ಕದಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್. ಕ್ಯಾಮರಾ ಕೇಳಿದ್ದೇ ತಡವಾಗಿ, ಹಾಗಾಗಿ ಅಲೆಗೆ ಅಲೆ ಸೇರಿಸಿದಾಗ ಚಿತ್ರ ಮುಂದೆ ಜಾರಿದೆ. ಮೂರೂ ತುಂಡುಗಳನ್ನು ಒಂದೊಂದು ಫ್ರೇಮ್ ತಡವಾಗಿಸಿದೆ. ನಾಲ್ಕನೆಯದನ್ನು ಕಣ್ಣಿನಿಂದಲೇ ಜೋಡಿಸಿದ್ದರಿಂದ ಅದಕ್ಕೆ ಈ ತಿದ್ದುಪಡಿ ಬೇಕಿರಲಿಲ್ಲ.

ಮೊಬೈಲಿನ C3 ಆರಂಭದ ಚಪ್ಪಾಳೆಗೆ ಸರಿಯಾಗಿ ಕೂತಿತ್ತು. ಹತ್ತು ನಿಮಿಷ ನೋಡಿದೆ, ಸರಿ ಇದೆ ಅನ್ನಿಸಿತು, ಮುಂದೆ ಹೋದೆ. ಈ ಆತುರವೇ ಕೊನೆಗೌಡರ ನಗುವನ್ನು ತಪ್ಪಾಗಿ ತೋರಿಸಿದ್ದು. ಇಡೀ ಮೊದಲ ಎಡಿಟ್ ಮುಗಿದು, ಚರ್ಚೆ ನಡೆಸಿಕೊಟ್ಟ ಗೆಳೆಯನಿಗೆ ತೋರಿಸುವಾಗ ಅವನು ಕೇಳಿದ: "ಇವರು ಅಷ್ಟು ಬೇಗ ನಕ್ಕಿದ್ರಾ? ನನಗೆ ಹಾಗೆ ನೆನಪಿಲ್ವಲ್ಲ ಮಾರಾಯ." ಅವನು ಅವರ ಎದುರೇ ಕೂತಿದ್ದವನು. ನಾನು ವಾದ ಮಾಡದೆ ಹಿಂದಕ್ಕೆ ಹೋಗಿ, ಈ ಸಲ ಹಲವು ಕಡೆ ಅಳೆದೆ. ಆರಂಭದಲ್ಲಿ ಸರಿ. 20ನೇ ನಿಮಿಷದಲ್ಲಿ ಯುವತಿ "ಮದ್ದು" ಎಂದಾಗ ಚಿತ್ರ 4 ಫ್ರೇಮ್ ಮುಂದೆ. 38ನೇ ನಿಮಿಷದಲ್ಲಿ 9 ಫ್ರೇಮ್ ಮುಂದೆ. ಕೊನೆಯ ಚಪ್ಪಾಳೆಗೆ ಮತ್ತೆ 2 ಫ್ರೇಮ್ ಮಾತ್ರ. ಯುವತಿಯ ತುಟಿ 4 ಫ್ರೇಮ್ ತಪ್ಪಿದ್ದು ಮೊದಲೇ ಏಕೆ ಕಾಣಲಿಲ್ಲ ಎಂದರೆ, ಸದ್ದು ಚಿತ್ರಕ್ಕಿಂತ ತಡವಾದರೆ ನಾವು ಒಂದಿಷ್ಟು ಸಹಿಸುತ್ತೇವೆ. ದೂರದವರ ಮಾತು ದಿನವೂ ಹಾಗೆಯೇ ಬರುತ್ತದಲ್ಲ. ಸದ್ದು ಮುಂಚೆ ಬಂದಿದ್ದರೆ ಕೂಡಲೇ ಕಿರಿಕಿರಿ ಆಗುತ್ತಿತ್ತು.

ತಪ್ಪು ಏರಿ ಮತ್ತೆ ಇಳಿದಿದೆ ಎನ್ನುವುದೇ ರೋಗದ ಗುರುತು. ಎರಡು ಯಂತ್ರಗಳ ಗಡಿಯಾರ ಬೇರೆ ಬೇರೆ ವೇಗದಲ್ಲಿ ಓಡಿದರೆ ತಪ್ಪು ನೇರ ಗೆರೆಯಂತೆ ಬೆಳೆಯುತ್ತ ಹೋಗುತ್ತದೆ, ಹಿಂದೆ ಬರುವುದಿಲ್ಲ. ಹೀಗೆ ಅಂಕುಡೊಂಕಾಗಿದ್ದರೆ ಫ್ರೇಮುಗಳ ನಡುವಿನ ಅಂತರವೇ ಸಮವಾಗಿಲ್ಲ ಎಂದರ್ಥ. ಇನ್ನೊಂದು ಪರೀಕ್ಷೆ ಇನ್ನೂ ಸುಲಭ: ಮೊಬೈಲಿನ ಚಿತ್ರವನ್ನು ಮೊಬೈಲಿನದೇ ಸದ್ದಿನ ಜೊತೆ ಟೈಮ್‌ಲೈನಿನಲ್ಲಿ ಆಡಿಸಿ ನೋಡುವುದು. ಅಲ್ಲೂ ತುಟಿ ತಪ್ಪುತ್ತಿದ್ದರೆ ದೋಷ ಗಡಿಯಾರದ್ದಲ್ಲ, ಫ್ರೇಮುಗಳದ್ದು. ನನಗೆ ಅಲ್ಲೂ ತಪ್ಪುತ್ತಿತ್ತು. ಖಚಿತಪಡಿಸಿಕೊಳ್ಳಲು ಟರ್ಮಿನಲ್ಲಿನಲ್ಲಿ ಹೀಗೆ ಕೇಳಿದೆ:

```
ffprobe -v error -select_streams v:0 -show_entries stream=r_frame_rate,avg_frame_rate -of default=nw=1 C3.mp4
```

ಮೊದಲ ಸಾಲಿನಲ್ಲಿ 30/1 ಬಂತು, ಎರಡನೇ ಸಾಲಿನ ಸರಾಸರಿಯ ಭಿನ್ನರಾಶಿಯನ್ನು ಭಾಗಿಸಿದರೆ 30ಕ್ಕಿಂತ ಕಡಿಮೆ. ಮೊಬೈಲುಗಳು ಬೆಳಕು ಕಡಿಮೆಯಾದಾಗ, ಮೈ ಬಿಸಿಯಾದಾಗ ಫ್ರೇಮುಗಳನ್ನು ನಿಧಾನಿಸುತ್ತವೆ. ಪ್ರತಿ ಫ್ರೇಮ್ ಯಾವಾಗ ತೋರಬೇಕು ಎಂಬುದು ಕಡತದೊಳಗೆ ಬರೆದಿರುತ್ತದೆ, ಆದ್ದರಿಂದ ಮೊಬೈಲಿನಲ್ಲೇ ನೋಡಿದರೆ ಎಲ್ಲ ಸರಿ. ಎಡಿಟಿಂಗ್ ತಂತ್ರಾಂಶ ಸಮ ಅಂತರ ಎಂದುಕೊಂಡು ಸಾಲಾಗಿ ಇಟ್ಟಾಗ ಚಿತ್ರ ಸದ್ದನ್ನು ಬಿಟ್ಟು ಓಡುತ್ತದೆ. ಪರಿಹಾರ ಎಂದರೆ ಎಡಿಟಿಗೆ ಮೊದಲೇ ಸಮ ಅಂತರದ ಹೊಸ ಕಡತ ಮಾಡಿಕೊಳ್ಳುವುದು:

```
ffmpeg -i C3.mp4 -vf fps=25 -c:v libx264 -crf 16 -c:a pcm_s16le C3_25.mov
```

ಇದು ಪ್ರತಿ ಫ್ರೇಮಿನ ನಿಜವಾದ ಸಮಯ ನೋಡಿ, ಸೆಕೆಂಡಿಗೆ ಸರಿಯಾಗಿ 25 ಇರುವಂತೆ ಕೆಲವನ್ನು ಬಿಟ್ಟು, ಕೆಲವನ್ನು ಮರುಬಳಸಿ ಜೋಡಿಸುತ್ತದೆ. ಕೈ ಬೀಸಿ ಮಾತಾಡುವಾಗ ಚಿತ್ರ ತುಸು ಕುಪ್ಪಳಿಸಿದಂತೆ ಕಾಣುತ್ತದೆ, ಅದಕ್ಕೆ ಮದ್ದಿಲ್ಲ. ಮೊಬೈಲಿನಲ್ಲಿ ಮೊದಲೇ 25 ಇಟ್ಟಿದ್ದರೆ ಆ ಕುಪ್ಪಳಿಕೆ ಇಷ್ಟು ಇರುತ್ತಿರಲಿಲ್ಲ.

ಹೊಸ ಕಡತವನ್ನು ಮಲ್ಟಿಕ್ಯಾಮಿನೊಳಗೆ ಹಳೆಯದರ ಜಾಗದಲ್ಲಿ ಇಟ್ಟು ಮತ್ತೆ ಅಳೆದೆ. ಈಗ ತುಟಿಗೂ ಮೊಬೈಲಿನ ಸ್ವಂತ ಸದ್ದಿಗೂ ಎಲ್ಲ ಕಡೆ ಹೊಂದಿಕೆ. ರೆಕಾರ್ಡರಿನ ಜೊತೆ ಮಾತ್ರ ಇನ್ನೂ ಸಣ್ಣ ತಕರಾರು: ಕೊನೆಯ ಚಪ್ಪಾಳೆ 5 ಫ್ರೇಮ್ ತಡ, ನಡುವೆ 46ನೇ ನಿಮಿಷದಲ್ಲಿ ಎರಡೂವರೆ. ನೇರ ಗೆರೆ. ಇದು ಗಡಿಯಾರದ ಜಾರುವಿಕೆ. ಎರಡು ಯಂತ್ರಗಳ ಗಡಿಯಾರದ ಹರಳುಗಳು ಹತ್ತು ಲಕ್ಷಕ್ಕೆ ಮೂವತ್ತಾರು ಭಾಗದಷ್ಟು ಬೇರೆಯಾದರೂ 92 ನಿಮಿಷದಲ್ಲಿ ಇಷ್ಟು ಕೂಡಿಬರುತ್ತದೆ.

ಇದಕ್ಕೆ ವೇಗ ಬದಲಿಸಲು ಹೋಗಲಿಲ್ಲ. 92 ನಿಮಿಷಕ್ಕೆ 5 ಫ್ರೇಮ್ ಎಂದರೆ ಸುಮಾರು 18 ನಿಮಿಷಕ್ಕೊಂದು. C3ರ ಚಿತ್ರವನ್ನು ಮಲ್ಟಿಕ್ಯಾಮಿನೊಳಗೆ 9, 28, 46, 64 ಮತ್ತು 83ನೇ ನಿಮಿಷಗಳ ಹತ್ತಿರ ಕತ್ತರಿಸಿ, ಪ್ರತಿ ಕತ್ತರಿಯ ನಂತರದ ಭಾಗವನ್ನೆಲ್ಲ ಒಂದು ಫ್ರೇಮ್ ಮುಂಚಿತಗೊಳಿಸಿದೆ. 18, 36 ಎಂದು ಕತ್ತರಿಸಿದ್ದರೆ ತಪ್ಪು ಒಂದು ಫ್ರೇಮಿನವರೆಗೆ ಬೆಳೆಯುತ್ತಿತ್ತು. ಅರ್ಧ ಅವಧಿಗೇ ಮೊದಲ ಕತ್ತರಿ ಹಾಕಿದ್ದರಿಂದ ಎಲ್ಲಿಯೂ ಅರ್ಧ ಫ್ರೇಮ್ ದಾಟುವುದಿಲ್ಲ. ಕತ್ತರಿ ಬಿದ್ದ ಕಡೆ ಒಂದು ಫ್ರೇಮ್ ನಷ್ಟವಾಗಿ ಚಿತ್ರ ಸಣ್ಣಗೆ ಜಿಗಿಯುತ್ತದೆ, ಆದ್ದರಿಂದ ಆ ಹೊತ್ತಿಗೆ ಬೇರೆ ಕ್ಯಾಮರಾ ತೋರಿಸುವಂತೆ ನೋಡಿಕೊಂಡೆ. C2ರದು 92 ನಿಮಿಷಕ್ಕೆ ಒಂದೇ ಫ್ರೇಮ್; ನಡುವೆ ಒಂದು ಕತ್ತರಿಯಲ್ಲಿ ಮುಗಿಯಿತು.

ಈಗ 38ನೇ ನಿಮಿಷಕ್ಕೆ ಹೋಗಿ ನೋಡಿದೆ. ಹಿರಿಯರ ಮಾತು ಮುಗಿಯುತ್ತದೆ. ಯುವತಿ ಅವರ ಕಡೆ ನೋಡುತ್ತಾಳೆ. ಕೊನೆಗೌಡರು ಅಂಗೈ ನೋಡಿಕೊಳ್ಳುತ್ತಾರೆ. ಆಮೇಲೆ ನಗು.

ಸಿಂಕ್ ಸರಿಯಾದ ಮೇಲೆ ಹಳೆಯ ಎಡಿಟನ್ನು ಬಿಟ್ಟು ಮೊದಲಿನಿಂದ ಶುರುಮಾಡಿದೆ, ಮತ್ತು ಕೆಲಸದ ಕ್ರಮವನ್ನೂ ಬದಲಿಸಿದೆ. ಮೊದಲ ಸಲ ಕ್ಯಾಮರಾ ಬದಲಿಸುತ್ತಲೇ ಮಾತನ್ನೂ ಕತ್ತರಿಸಿದ್ದೆ. ಕತ್ತರಿ ಬಿದ್ದ ಕಡೆಯೆಲ್ಲ ಬದಲಾವಣೆಗಳು ಕಲಸಿಹೋಗಿದ್ದವು. ಈ ಸಲ ಬರೀ ಅಗಲ ಶಾಟ್ ಇಟ್ಟುಕೊಂಡು, ಕಣ್ಣಿಗಿಂತ ಕಿವಿಗೆ ಕೆಲಸ ಕೊಟ್ಟು, 92 ನಿಮಿಷವನ್ನು 48ಕ್ಕೆ ಇಳಿಸಿದೆ. ಮಾತು ಕೂಡಿಸಿದ ಪ್ರತಿ ಜಾಗಕ್ಕೂ ಒಂದು ಮಾರ್ಕರ್. ಆ ಜಾಗಗಳಲ್ಲಿ ಹಿಂದೆ ಮುಂದೆ ಒಂದೇ ಕ್ಯಾಮರಾ ಇದ್ದರೆ ತಲೆ ತಟಕ್ಕನೆ ಜಿಗಿಯುತ್ತದೆ, ಅಲ್ಲಿ ಕೋನ ಬದಲಾಗಲೇಬೇಕು. ಅಂದರೆ ಸ್ವಿಚ್ಚಿಂಗಿಗೆ ಕೂರುವ ಮೊದಲೇ ಎಲ್ಲಿ ನನಗೆ ಸ್ವಾತಂತ್ರ್ಯವಿಲ್ಲ ಎಂದು ಗೊತ್ತಿರುತ್ತದೆ.

ಸ್ವಿಚ್ಚಿಂಗಿಗೆ ವ್ಯೂವರನ್ನು Multicam ಮೋಡಿಗೆ ಹಾಕಿ, ಮೊದಲು ಧ್ವನಿಯನ್ನು MIX.wavಗೆ ಕಟ್ಟಿಹಾಕಿದೆ. ಆಮೇಲೆ ವ್ಯೂವರಿನ ಕೆಳಗಿನ ಗುಂಡಿಗಳಲ್ಲಿ ಚಿತ್ರದ್ದನ್ನು ಮಾತ್ರ ಒತ್ತಿಟ್ಟುಕೊಂಡೆ. ಇದನ್ನು ಮರೆತರೆ ಕೋನದ ಜೊತೆ ಸದ್ದೂ ಆ ಕ್ಯಾಮರಾದ ಮೈಕಿಗೆ ಹಾರಿ, ಮಾತು ಒಮ್ಮೆ ಕಿವಿಯ ಬಳಿ, ಒಮ್ಮೆ ಬಾವಿಯೊಳಗೆ ಎಂಬಂತಾಗುತ್ತದೆ. ಮೂರು ಚಿತ್ರ ಒಟ್ಟಿಗೆ ಆಡಿಸಲು ನನ್ನ ಕಂಪ್ಯೂಟರು ಏದುಸಿರು ಬಿಡುತ್ತಿದ್ದುದರಿಂದ ಪ್ರಾಕ್ಸಿ ಎಂಬ ಹಗುರ ಪ್ರತಿಗಳನ್ನು ಮಾಡಿಕೊಂಡೆ. ನಂತರ ಆಡಿಸುತ್ತ ಹೋಗಿ 1, 2, 3 ಒತ್ತುವುದು: ಒತ್ತಿದಲ್ಲಿ ಕತ್ತರಿ ಬಿದ್ದು ಆ ಕ್ಯಾಮರಾ ಬರುತ್ತದೆ. ತಪ್ಪಿದರೆ ಆ ತುಂಡಿನ ಮೇಲೆ ನಿಂತು Alt ಜೊತೆ ಅಂಕಿ ಒತ್ತಿದರೆ ಹೊಸ ಕತ್ತರಿ ಬೀಳದೆ ಕೋನ ಮಾತ್ರ ಬದಲಾಗುತ್ತದೆ.

ಓಡುತ್ತಿರುವಾಗ ಒತ್ತಿದ ಕತ್ತರಿಗಳು ಯಾವಾಗಲೂ ತಡ. ಮಾತು ಕೇಳಿ, ಯಾರು ಎಂದು ತಿಳಿದು, ಬೆರಳು ಆಡುವಷ್ಟರಲ್ಲಿ ನನಗೆ 8ರಿಂದ 10 ಫ್ರೇಮ್ ಹೋಗುತ್ತಿತ್ತು. ಆಮೇಲೆ ಒಂದೊಂದು ಕತ್ತರಿಯನ್ನೂ ಹಿಂದಕ್ಕೆ ಉರುಳಿಸಿದೆ. ಎಲ್ಲಿಯವರೆಗೆ ಎಂದರೆ, ಹೊಸದಾಗಿ ಮಾತಾಡುವವರು ಉಸಿರೆಳೆದುಕೊಳ್ಳುವ ಕ್ಷಣದವರೆಗೆ. ಕಾಲರ್ ಮೈಕಿನಲ್ಲಿ ಆ ಉಸಿರು ಚೆನ್ನಾಗಿ ಕೇಳುತ್ತದೆ. ಆದರೆ ಎಲ್ಲ ಕತ್ತರಿಗೂ ಇದು ಸಲ್ಲದು. ನಮ್ಮಲ್ಲಿ "ಅಲ್ಲ" ಎಂದು ಶುರುಮಾಡಿದವರೆಲ್ಲ ಅಲ್ಲಗಳೆಯುತ್ತಿರುವುದಿಲ್ಲ, ಅರ್ಧ ಜನ ಮುಂದುವರಿಸುವುದೂ ಇಲ್ಲ. ಮೇಷ್ಟ್ರು ಒಂದು ಕೊಳೆರೋಗದ ಉದಾಹರಣೆ ಹೇಳುವಾಗ ಮೂರು ಸಲ ಬೇರೆಯವರು "ಅಲ್ಲ..." ಎಂದು ಅಲ್ಲಿಗೇ ಬಿಟ್ಟಿದ್ದಾರೆ, ನಾನು ಮೂರು ಸಲವೂ ಅವರ ಕಡೆ ಹಾರಿ ವಾಪಸ್ ಬಂದಿದ್ದೆ. ನೋಡಲು ಚೆಂಡಾಟ. ಅದೆಲ್ಲ ತೆಗೆದು ಅಗಲ ಶಾಟ್ ಇಟ್ಟೆ. ಇಬ್ಬರ ಮಾತು ಒಂದರ ಮೇಲೊಂದು ಬಿದ್ದಾಗ, ಯಾರದು ಮುಂದುವರಿಯುತ್ತದೋ ಅವರ ಕಡೆಗೇ ಹೋಗಬೇಕು, ಅದೂ ಇನ್ನೊಬ್ಬರು ಸುಮ್ಮನಾದ ಮೇಲೆ.

ಎರಡನೇ ಸುತ್ತಿನಲ್ಲಿ ಮಾತಾಡುವವರನ್ನು ನೋಡದೆ, ಬರೀ ಕೇಳುವವರನ್ನು ನೋಡುತ್ತ ಹೋದೆ. ಒಂದೇ ಹೊತ್ತಿನ ಮೂರು ಕಣ್ಣು ನನ್ನ ಬಳಿ ಇರುವುದರ ಲಾಭ ಇಲ್ಲೇ. ಕೇಳುವವರ ಮುಖವನ್ನು ಬೇರೆ ಹೊತ್ತಿನಿಂದ ತರಬೇಕಿಲ್ಲ, ಅದೇ ಕ್ಷಣದ್ದು ಸಿಗುತ್ತದೆ. ಆದರೂ ಒಂದು ಕಡೆ ಕೈ ಜಾರಿತು. ಕೂಲಿಯ ಮಾತು ಮುಂದೆ ಮತ್ತೊಮ್ಮೆ ಬಂದ ಕಡೆ ಹಿರಿಯರ ಒಂದು ವಾಕ್ಯ ತೆಗೆದಿದ್ದೆ. ಜೋಡಣೆ ಮುಚ್ಚಲು ಅಗಲ ಶಾಟ್ ಬೇಕಿತ್ತು, ಆದರೆ C1 ನಿಂತಿದ್ದ ಹಾಳಾದ ಆ ನಲವತ್ತು ಸೆಕೆಂಡ್ ಅಲ್ಲೇ ಬಿದ್ದಿತ್ತು. C3ರಲ್ಲಿ ಇನ್ನೆಲ್ಲೋ ಕೊನೆಗೌಡರು ತಲೆಯಾಡಿಸಿದ ತುಂಡೊಂದು ಸಿಕ್ಕಿತು, ತಂದು ಇಟ್ಟೆ. ಕತ್ತರಿ ಗೊತ್ತೇ ಆಗಲಿಲ್ಲ, ಅಷ್ಟು ಚೆನ್ನಾಗಿ ಕೂತಿತು. ಮಾರನೆಯ ದಿನ ಆ ತುಂಡು ಎಲ್ಲಿಯದು ಎಂದು ಮತ್ತೆ ನೋಡಿದೆ. ಯಾರೋ ಚಹಾ ಬೇಕೇ ಎಂದು ಕೇಳಿದಾಗ ಅವರು ತಲೆಯಾಡಿಸಿದ್ದು. ನನ್ನ ಎಡಿಟಿನಲ್ಲಿ ಅವರು ಕೂಲಿ ಜಾಸ್ತಿಯಾಯಿತು ಎಂಬುದಕ್ಕೆ ಹೌದು ಎಂದಿದ್ದರು.

ಅದನ್ನು ತೆಗೆದೆ. ಬೇರೆ ದಾರಿ ಹುಡುಕಿ ಸೋತು, ಹಿರಿಯರ ಆ ವಾಕ್ಯವನ್ನೇ ವಾಪಸ್ ಸೇರಿಸಿದೆ. ಹನ್ನೊಂದು ಸೆಕೆಂಡ್ ಉದ್ದವಾಯಿತು, ಸ್ವಲ್ಪ ಎಳೆದಂತೆಯೂ ಇದೆ. ಇರಲಿ. ಮಲ್ಟಿಕ್ಯಾಮ್ ಬಿಟ್ಟು ಹೊರಗಿನ ಮುಖ ತರುವುದಿಲ್ಲ ಎಂದು ಅವತ್ತಿನಿಂದ ಇಟ್ಟುಕೊಂಡಿದ್ದೇನೆ. ಗಿಡದ, ಎಲೆಯ ಶಾಟ್ ಎಲ್ಲಿಂದ ಬೇಕಾದರೂ ಬರಲಿ, ಮುಖ ಮಾತ್ರ ಆ ಕ್ಷಣದ್ದೇ ಆಗಬೇಕು.

ಬಣ್ಣದ ಕೆಲಸ ಚಿಕ್ಕದು. ಟೈಮ್‌ಲೈನಿನ ಒಂದು ಪ್ರತಿ ಇಟ್ಟುಕೊಂಡು, ಇನ್ನೊಂದರಲ್ಲಿ Flatten Multicam Clip ಕೊಟ್ಟೆ. ಪ್ರತಿ ತುಂಡೂ ತನ್ನ ಮೂಲ ಕ್ಯಾಮರಾದ ಕ್ಲಿಪ್ಪಾಯಿತು. ಕ್ಯಾಮರಾಗೊಂದು ಗುಂಪು ಮಾಡಿ, ಗುಂಪಿಗೆ ಒಂದೇ ಸಲ ಬಣ್ಣ ತಿದ್ದಿದೆ. ಮೊಬೈಲು ಮಳೆಯ ಮೋಡ ಕವಿದಾಗ ತಾನೇ ಬೆಳಕು ಏರಿಸಿಕೊಂಡಿತ್ತು, ಆ ಹತ್ತು ನಿಮಿಷದ ತುಂಡುಗಳನ್ನು ಮಾತ್ರ ಬಿಡಿಬಿಡಿಯಾಗಿ ನೋಡಬೇಕಾಯಿತು.

ಮುಗಿದ ಮೇಲೆ ಅದೇ ಸಭಾಂಗಣದಲ್ಲಿ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ತೋರಿಸಿದೆವು. ಕೊನೆಗೌಡರು ಹಿಂದಿನ ಸಾಲಿನಲ್ಲಿ ಕೂತಿದ್ದರು. ಕೂಲಿಯ ಮಾತು ಬಂದಾಗ ನಾನು ಪರದೆ ನೋಡಲಿಲ್ಲ, ಅವರನ್ನು ನೋಡಿದೆ. ಅವರು ಪರದೆಯ ಮೇಲಿನ ತಮ್ಮ ಕೈಯನ್ನು ನೋಡುತ್ತಿದ್ದರು. ಎಲ್ಲ ಮುಗಿದು ಜನ ಎದ್ದಾಗ ಹತ್ತಿರ ಬಂದು ಹೇಳಿದರು: "ತಮ್ಮಾ, ಕಡೀಗೆ ಮಳೆ ಹೊಯ್ಯೋವಾಗ ನಾ ಒಂದು ಮಾತು ಹೇಳಿದ್ದೆ. ಔಷಧಿ ಹೊಡೆದ ಮರ ಜಾರ್ತದೆ, ಅದನ್ನೂ ಲೆಕ್ಕ ಹಿಡೀರಿ ಅಂತ. ಅದು ಕೇಳೋದೇ ಇಲ್ಲ ನೋಡು."

ಮನೆಗೆ ಬಂದು ಬಿಡಿ ಟ್ರ್ಯಾಕುಗಳನ್ನು ತೆರೆದೆ. ಅವರ ಮೈಕಿನಲ್ಲಿ ಮಾತು ಇತ್ತು, ಸ್ಪಷ್ಟವಾಗಿಯೇ ಇತ್ತು. ಆ ಹೊತ್ತಿಗೆ ಮೇಷ್ಟ್ರೂ ಮಾತಾಡುತ್ತಿದ್ದರಿಂದ ನಾನು ಇವರನ್ನು 12 ಡೆಸಿಬೆಲ್ ಕೆಳಗಿಟ್ಟಿದ್ದೆ, ಮಳೆ ಅದರ ಮೇಲೆ ಕೂತಿತ್ತು. ಇವರ ಟ್ರ್ಯಾಕ್ ಪೂರ್ತಿ ಏರಿಸಿ, ಮೇಷ್ಟ್ರದನ್ನು ಇಳಿಸಿ, MIX.wavಅನ್ನು ಮತ್ತೆ ಹೊರತೆಗೆದು ಹಳೆಯದರ ಜಾಗಕ್ಕೆ ಹಾಕಿದೆ. ಆ ಏಳು ಸೆಕೆಂಡಿಗೆ ಮೊದಲು C2 ಇತ್ತು. ಈಗ ಉಳಿಸಿಕೊಂಡಿದ್ದ ಪ್ರತಿಯಲ್ಲಿ 3 ಒತ್ತಿ, ಕತ್ತರಿಯನ್ನು ಅವರು ಉಸಿರೆಳೆದುಕೊಳ್ಳುವ ಫ್ರೇಮಿಗೆ ಉರುಳಿಸಿ, ಆ ತುಂಡನ್ನು ಬಣ್ಣ ತಿದ್ದಿದ ಟೈಮ್‌ಲೈನಿಗೆ ತಂದು, ಇನ್ನೊಮ್ಮೆ ಎಕ್ಸ್‌ಪೋರ್ಟಿಗೆ ಹಾಕಿದೆ.